ಬರ್ತೀರಾ ಅಂತ ಕೇಳಿದ ತಪ್ಪು

ಹರಿಹರಕ್ಕೆ ಹತ್ತಿರದ ಕರೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಡೀಲರುಗಳ ಸಮಾವೇಶದ ಹೊಣೆಯನ್ನು ಆ ವರ್ಷ ಮೊದಲ ಸಲ ನನಗೆ ವಹಿಸಿದ್ದರು. ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಆದರೆ ಯಜಮಾನರು ಒಂದು ಮಾತು ಹೇಳಿಬಿಟ್ಟಿದ್ದರು: ಸಭಾಂಗಣ ಖಾಲಿ ಹೊಡೆದರೆ ಮುಂದಿನ ಸಲ ಈ ಕೆಲಸ ಬೆಂಗಳೂರಿನ ಏಜೆನ್ಸಿಯವರಿಗೇ ಕೊಡುತ್ತೇವೆ.

ಆಮಂತ್ರಣ ಹೋಗಿ ಬಹಳ ದಿನವಾಗಿತ್ತು. ಸಮಾವೇಶ ಹತ್ತಿರ ಬಂದಾಗ ನಾನು ಎಲ್ಲರಿಗೂ ವಾಟ್ಸಾಪಿನಲ್ಲಿ ನೆನಪೋಲೆ ಕಳಿಸಿದೆ. ಬರುತ್ತೀರೋ ಇಲ್ಲವೋ ನಾಳೆ ಸಂಜೆಯೊಳಗೆ ದಯವಿಟ್ಟು ಖಚಿತಪಡಿಸಿ ಎಂದು ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಸಭಾಂಗಣದ ದಾರಿ, ಬಸ್ಸು, ಊಟದ ಬಗೆ ಎಲ್ಲ ಅದರ ಕೆಳಗೆ. ಎಷ್ಟು ಅಚ್ಚುಕಟ್ಟು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮಧ್ಯಾಹ್ನವಾದರೂ ಉತ್ತರವಿಲ್ಲ. ಎಲ್ಲರೂ ಓದಿದ್ದಾರೆ, ಒಬ್ಬರೂ ತುಟಿ ಬಿಚ್ಚಿಲ್ಲ! ಅಡುಗೆ ಗುತ್ತಿಗೆಯವರು ಬೇರೆ ಫೋನ್ ಮೇಲೆ ಫೋನ್. ಸಂಜೆ ಲೆಕ್ಕ ಕೊಡದಿದ್ದರೆ ಸಾಮಾನು ತರುವುದು ಹೇಗೆ ಅಂತ ಅವರ ಸಂಕಟ.

ಕೊನೆಗೆ ಹರಿಹರದ ಹಿರಿಯ ಡೀಲರಿಗೆ ಫೋನ್ ಮಾಡಿದೆ. ಆ ಕಡೆಯ ಅಂಗಡಿಯವರೆಲ್ಲ ಅವರ ಮಾತಿನಂತೆಯೇ ನಡೆಯುವವರು.

"ಕರ್ದಿದ್ದು ಆತಲ್ಲವ್ವ," ಅಂದರು. "ಮತ್ತ ಬರ್ತೀರೋ ಇಲ್ಲೋ ಅಂತ ಕೇಳಿದ್ರ ಏನಂತ ತಿಳ್ಕೋಬೇಕು? ಊಟಕ್ಕ ಕರ್ದವರು ಹಂಗ ಕೇಳ್ತಾರೇನು?"

ಅಯ್ಯೋ, ನನ್ನ ಬುದ್ಧಿಗಿಷ್ಟು! ನಮ್ಮ ಮನೆಯ ಮದುವೆಗೆ ಕರೆಯಲು ಹೋದಾಗ ಯಾರನ್ನಾದರೂ ಬರುತ್ತೀರಾ ಅಂತ ಕೇಳಿದ್ದೆನೇ? ಬರಲೇಬೇಕು ಅಂತ ಹೇಳಿ ಬರುವವಳು ನಾನು. ಆಫೀಸಿನ ಕುರ್ಚಿಯಲ್ಲಿ ಕೂತದ್ದೇ ಅದೆಲ್ಲ ಮರೆತುಹೋಗಿತ್ತು.

ತಪ್ಪಾಯ್ತು ಅಂದು, ಫೋನ್ ಇಟ್ಟು, ಹೊಸದಾಗಿ ಬರೆದೆ. ನೀವು ಬಂದರೇ ನಮಗೆ ಹಬ್ಬ. ಬಸ್ಸು ಬೆಳಿಗ್ಗೆ ಹರಿಹರದಿಂದ ಹೊರಟು ಬಾತಿಯಲ್ಲಿ ನಿಂತು ಬರುತ್ತದೆ, ಎಲ್ಲಿ ಹತ್ತುತ್ತೀರಿ? ಜೋಳದ ರೊಟ್ಟಿ ಊಟವೋ, ಅನ್ನ ಸಾರಿನದೋ? ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಸಕ್ಕರೆ ಬಿಟ್ಟವರು ತಿಳಿಸಿದರೆ ಬೇರೆ ಮಾಡಿಸುತ್ತೇವೆ. ಬರಲಾಗದಂಥ ಅಡಚಣೆ ಇದ್ದರೆ ನನಗೊಂದು ಫೋನ್ ಮಾಡಿ.

ಕಳಿಸಿ ಚಹಾ ಕುಡಿಯುವಷ್ಟರಲ್ಲಿ ಫೋನು ಗುಂಯ್‌ಗುಟ್ಟತೊಡಗಿತು. ರೊಟ್ಟಿ, ಬಾತಿ. ಅನ್ನ, ಸ್ವಂತ ಕಾರು. ಒಬ್ಬರು ರೊಟ್ಟಿ ಮೆತ್ತಗಿನದೋ ಖಡಕ್ಕಿನದೋ ಅಂತ ವಿಚಾರಿಸಿದರು. ಬರೆದುಕೊಳ್ಳುತ್ತಾ ನಾನು ಒಬ್ಬಳೇ ನಗುತ್ತಿದ್ದೆ. ಇಬ್ಬರು ಫೋನ್ ಮಾಡಿ, ಮನೆಯಲ್ಲಿ ಕಾರ್ಯವಿದೆ ಎಂದು ಬೇಸರದಿಂದ ಹೇಳಿದರು. ಆದರೆ ಹರಿಹರದಿಂದ ಮಾತ್ರ ಒಂದೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಆ ಹಿರಿಯರ ಫೋನ್ ಬಂತು. "ನಮ್ಮ ಹರಿಹರದವರು ಎಲ್ಲಾ ಬರ್ತೀವಿ, ಬಸ್ಸು ತುಂಬತೈತಿ. ಎಲ್ಲರಿಗೂ ರೊಟ್ಟಿ. ಅಂದಹಾಗ ನಿನ್ನ ಊಟಕ್ಕ ಏನು ಹೇಳೀಯವ್ವ?"

ಲೆಕ್ಕದಲ್ಲಿ ನಾನೇ ಇರಲಿಲ್ಲ. ಕಣ್ಣು ಒರೆಸಿಕೊಂಡು ಅಡುಗೆಯವರಿಗೆ ಫೋನ್ ಮಾಡಿ, ಇನ್ನೊಂದು ರೊಟ್ಟಿ ಊಟ ಸೇರಿಸಿರಿ ಅಂದೆ.