ರಾಚಯ್ಯನ ಫೋನಿಗೆ ಬಿದ್ದ ಬೀಗ

ಭೀಮನಬೀಡಿನ ರಾಚಯ್ಯ ಮನೆಯಿಂದ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ, ಚಿಲಕದ ಸಂದಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸುತ್ತಾನೆ. ವಾಪಸು ಬಂದವನು ಮೊದಲು ನೋಡುವುದು ಆ ಕಡ್ಡಿಯನ್ನು. ಹೆಂಡತಿ ಮಹಾಲಕ್ಷ್ಮಮ್ಮ ಮೊದಲೇ ಬಂದು ಬಾಗಿಲು ತೆಗೆದಿದ್ದರೆ ಕಡ್ಡಿ ಏನಾಯಿತು ಎಂದು ಅವಳನ್ನೇ ಕೇಳುತ್ತಾನೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾನೆ. ಅವಳೂ ಒಲೆಗೆ ಹಾಕಿದೆ ಎಂದೇ ಹೇಳುತ್ತಿದ್ದಾಳೆ.

ಅವನ ಕೆಲಸವೇ ಅಂಥದು. ಬಂಡೀಪುರದ ಕಾಡಿನಲ್ಲಿ ಅವನು ವಾಚರ್, ಇಪ್ಪತ್ತೆರಡು ವರ್ಷದಿಂದ. ಮುರಿದ ಕಡ್ಡಿ ಕಂಡರೆ ಆನೆ ಮುರಿಯಿತೋ ಮನುಷ್ಯ ಮುರಿದನೋ ಎಂದು ಕೂತು ನೋಡಬೇಕು. ಮೊಲದ ಜಾಡಿನಲ್ಲಿ ಉರುಳಿನ ತಂತಿ ಹುಡುಕಬೇಕು. ಅನುಮಾನ ಬಿಟ್ಟ ಒಂದೇ ಒಂದು ದಿನ ಒಂಟಿ ಸಲಗ ಬೆನ್ನಟ್ಟಿ, ಹಳ್ಳಕ್ಕೆ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅದು ಇವತ್ತಿಗೂ ಒಂದು ಕಡೆ ಇಳಿದೇ ಇದೆ. ಆಮೇಲೆ ಅವನು ಅನುಮಾನ ಬಿಟ್ಟದ್ದು ನನಗೆ ಗೊತ್ತಿಲ್ಲ.

ಹೋದ ವರ್ಷ ಇಲಾಖೆಯವರು ವಾಚರುಗಳ ಕೈಗೆ ದೊಡ್ಡ ಫೋನು ಕೊಟ್ಟರು. ಅದರೊಳಗೆ ಗಸ್ತಿನ ಆಪ್ ಒಂದಿದೆ. ಹೊರಡುವಾಗ ಅದನ್ನು ಶುರು ಮಾಡಿದರೆ ನಡೆದ ದಾರಿಯೆಲ್ಲ ಗೆರೆಯಾಗಿ ಮೂಡುತ್ತದೆ. ಗೆರೆ ಇಲ್ಲದಿದ್ದರೆ ನಡೆದಿಲ್ಲ ಎಂದೇ ಲೆಕ್ಕ, ಕಾಲು ಎಷ್ಟೇ ಸವೆದಿರಲಿ.

ಕಳೆದ ಮಾಘದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ನಾನು ಗೂಡ್ಸ್ ಆಟೋಗೆ ಟೊಮೆಟೊ ಕ್ರೇಟು ತುಂಬುತ್ತಿದ್ದಾಗ ರಾಚಯ್ಯ ಬಂದು ಪಕ್ಕದಲ್ಲಿ ನಿಂತ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಟವೆಲಿನಲ್ಲಿ ಸುತ್ತಿದ್ದ ಫೋನು ಬಿಚ್ಚಿದ.

"ಮಾದೇವ, ನನ್ನ ಕಟ್ಟಾಕ್ಬುಟ್ಟವ್ರೆ ಕಣ್ಲಾ."

ಪರದೆಯ ತುಂಬ ಒಂದು ಹುಲಿಯ ಫೋಟೋ. ಅವನೇ ತೆಗೆದದ್ದು. ಎಡಕ್ಕೆ ಬಲಕ್ಕೆ ತಳ್ಳಿದರೆ ಬೇರೆ ಫೋಟೋ ಬರುತ್ತಿತ್ತು, ಫೋಟೋ ಬಿಟ್ಟು ಆಚೆ ಹೋಗಲು ಆಗುತ್ತಿರಲಿಲ್ಲ. ಕೆಳಗಿನ ದುಂಡು ಗುಂಡಿ ಒತ್ತಿದೆ, ಚೌಕದ ಗುಂಡಿ ಒತ್ತಿದೆ. ಮೇಲಿನಿಂದ ಎಳೆದರೆ ಇಳಿಯುವ ಪಟ್ಟಿಯೂ ಇಳಿಯಲಿಲ್ಲ. ಗುಂಡಿ ಒತ್ತಿದಾಗಲೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು, ನಾನು ಮೊದಲ ಅಕ್ಷರ ಕೂಡಿಸುವಷ್ಟರಲ್ಲಿ ಮಾಯವಾಗುತ್ತಿತ್ತು.

"ನೋಡ್ದಾ, ಒತ್ತುದ್ರೆ ಬೆದರುಸ್ತದ," ಎಂದ ರಾಚಯ್ಯ. "ಶನಿವಾರದಿಂದ ಇಂಗೇ. ಗಸ್ತು ಆಪ್‌ಗೆ ಓಗಕ್ಕೇ ಬುಡಕಿಲ್ಲ. ಎರಡು ದಿನದ ಗೆರೆ ಇಲ್ಲ. ಇವತ್ತು ಸಾಯಂಕಾಲ ನಾಕು ಗಂಟೆ ಗಸ್ತುದೂ ಬರ್ನಿಲ್ಲ ಅಂದ್ರೆ, ನಾಳೆಯಿಂದ ನನ್ನ ಗೇಟ್ಗೆ ಆಕ್ತರಂತೆ. ಕಂಬಿ ಎತ್ತೋದು, ಇಳಿಸೋದು."

ಅವನಿಗೆ ಅದು ಸಾವಿಗಿಂತ ಕಡೆ. ಬೀಟು ಎಂದು ಅವನಿಗೆ ಕಾಯಲು ಕೊಟ್ಟ ಕಾಡಿನ ಒಂದೊಂದು ಕೆರೆ, ಒಂದೊಂದು ಹುತ್ತ ಅವನಿಗೆ ಗೊತ್ತು. ಅದನ್ನು ಬಿಡಿಸಿ ಚೆಕ್‌ಪೋಸ್ಟಿನಲ್ಲಿ ಲಾರಿ ನಂಬರು ಬರೆಯಲು ಕೂರಿಸಿದರೆ, ಬರೆಯಲೂ ಬಾರದವನು ಏನು ಮಾಡಬೇಕು?

"ಯಾರ ಕೆಲಸ?" ಎಂದೆ.

"ರವಿಕುಮಾರಂದು. ಶನಿವಾರ ಟೀ ಅಂಗಡೀಲಿ ಉಲಿ ಫೋಟೋ ತೋರ್ಸು ಅಂತ ಈಸ್ಕೊಂಡ. ಬಾಳೊತ್ತು ಉಜ್ಜುದ. ವಾಪಸ್ ಕೊಟ್ಟಾಗ ಇಂಗಾಗಿತ್ತು. ಅವನಿಗೆ ನನ್ನ ಬೀಟು ಬೇಕು."

ರವಿಕುಮಾರ ರಾಚಯ್ಯನಿರುವ ಅರಣ್ಯ ಕ್ಯಾಂಪಿನದೇ ಇನ್ನೊಬ್ಬ ವಾಚರ್, ಇಪ್ಪತ್ತೇಳರ ವಯಸ್ಸು. ಟೀ ಅಂಗಡಿಯಲ್ಲಿ ಆಗತಾನೇ ಬನ್ನು ಅದ್ದುತ್ತಿದ್ದ. ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ಹೋಗಿ ನಾಲ್ಕು ಜನರ ಮುಂದೆ ಬಾಯಿಗೆ ಬಂದದ್ದು ಅಂದೆ. ಅವನ ಕೈಯ ಬನ್ನು ಟೀಯೊಳಗೆ ಮುರಿದುಬಿತ್ತು.

"ಮಾದೇವಣ್ಣ, ನಾ ಏನೂ ಮಾಡಿಲ್ಲ. ಎಲ್ಲಿ, ಆ ಫೋನ್ ತಕ್ಕೊಡಿ, ನೋಡ್ತೀನಿ," ಎಂದ.

"ಇನ್ನೊಂದ್ಸಲ ನಿನ್ ಕೈಗೆ ಕೊಡ್ತೀವೇನ್ಲಾ?" ಎಂದು ಬಂದುಬಿಟ್ಟೆ. ನನಗೆ ಗೊತ್ತಿದ್ದ ಹಾಗೆ ಫೋನಿನ ಒಳಗುಟ್ಟು ತಿಳಿದವನು ಕ್ಯಾಂಪಿನಲ್ಲಿ ಸುನೀಲ್ ಕುಮಾರ್ ಒಬ್ಬನೇ, ರಾಚಯ್ಯನ ಅಕ್ಕನ ಮಗ. ಅವನು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗಿದ್ದ. ರಾಚಯ್ಯನ ಇನ್ನೊಂದು ಬಟನ್ ಫೋನಿನಿಂದ ಎಷ್ಟು ಸಲ ಮಾಡಿದರೂ ಸಿಗಲಿಲ್ಲ.

ಟೊಮೆಟೊ ಇಳಿಸಿದ ಮೇಲೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಒಂದು ಮೊಬೈಲ್ ಅಂಗಡಿಗೆ ಹೋದೆವು. ಅಲ್ಲಿಯವನು ಒಂದೆರಡು ಸಲ ಒತ್ತಿ ನೋಡಿ, ನಮ್ಮಿಬ್ಬರ ಮುಖವನ್ನೂ ನೋಡಿದ.

"ಸಾಫ್ಟ್‌ವೇರ್ ಹೋಗಿದೆ. ಫ್ಲ್ಯಾಶ್ ಹೊಡೀಬೇಕು. ಬಿಟ್ಟು ಹೋಗಿ, ಸಾಯಂಕಾಲ ಆರಕ್ಕೆ ಬನ್ನಿ. ಒಳಗಿರೋದೇನೂ ಉಳಿಯಲ್ಲ."

"ಫೋಟೋ?" ಎಂದ ರಾಚಯ್ಯ.

"ಫೋಟೋನೂ ಹೋಗುತ್ತೆ."

ಹೇಳುತ್ತಲೇ ಫೋನು ಹಿಡಿದು ಒಳಗಿನ ಕೋಣೆಗೆ ಹೊರಟ. ರಾಚಯ್ಯ ಕೌಂಟರಿನ ಹಲಗೆ ಎತ್ತಿ ಅವನ ಹಿಂದೆಯೇ ನುಗ್ಗಿದ. ಗಿರಾಕಿಗಳು ಒಳಗೆ ಬರಬಾರದು ಎಂದು ಅಂಗಡಿಯವನು ದಬಾಯಿಸಿದ. ನಾನು ಅವನ ರಟ್ಟೆ ಹಿಡಿದೆ. ಬರೀ ಎರಡು ಗುಂಡಿ ಒತ್ತಿ ನೋಡಿದ್ದಕ್ಕೇ ಸಾಫ್ಟ್‌ವೇರ್ ಹೋಗಿದೆ ಎಂದು ನಿನಗೆ ಹೇಗೆ ತಿಳಿಯಿತು, ತೋರಿಸು ಎಂದೆ. ಜನ ಸೇರಿದರು. ಫೋನು ಕಸಿದುಕೊಂಡು ಹೊರಗೆ ಬಂದೆವು.

ಹೊರಗೆ ರಾಚಯ್ಯ ಮೊದಲು ಮಾಡಿದ್ದು ಫೋನಿನ ಬೆನ್ನು ತಿರುಗಿಸಿ, ತಾನೇ ಗೀಚಿದ್ದ ಗುರುತು ಇದೆಯೇ ಎಂದು ನೋಡಿದ್ದು. ಆಮೇಲೆ ನನ್ನನ್ನೂ ನೋಡಿದ, ಹುಬ್ಬಿನ ಕೆಳಗಿನಿಂದ.

"ಈ ಅಂಗಡಿಗೇ ಯಾಕ್ಲಾ ಕರ್ಕಬಂದೆ?"

ನನಗೆ ಮೈಯೆಲ್ಲ ಉರಿಯಿತು. "ನಿಂಗೆ ನನ್ ಮ್ಯಾಲೂ ಅನುಮಾನ್ವಾ? ನಡಿ, ಬಸ್ ಅತ್ತಿ ಓಗು."

ಅವನು ಹೋಗಲಿಲ್ಲ. ನಾನೂ ಬಿಡಲಿಲ್ಲ. ಗಂಟೆ ಒಂದೂವರೆ ಆಗಿತ್ತು. ಆಫ್ ಮಾಡಿ ಆನ್ ಮಾಡೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. ಆಫ್ ಆದದ್ದು ಆನ್ ಆಗದಿದ್ದರೆ, ಒಂದು ವರ್ಷದ ಹೆಜ್ಜೆ ಫೋಟೋಗಳು, ಉರುಳಿನ ಫೋಟೋಗಳು ಎಲ್ಲ ಹೋಗುತ್ತವೆ. ಮೊದಲಿನ ಇಪ್ಪತ್ತೊಂದು ವರ್ಷ ನಡೆದದ್ದಕ್ಕೆ ಅವನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಇದೊಂದು ವರ್ಷದ್ದು ಇದೆ. ಅದನ್ನೂ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಹಳೆ ಬೀದಿಯಲ್ಲಿ ಝೆರಾಕ್ಸು, ರೀಚಾರ್ಜು, ರಿಪೇರಿ ಎಲ್ಲ ಒಂದೇ ಮೇಜಿನ ಮೇಲೆ ಮಾಡುವ ಒಂದು ಪುಟ್ಟ ಅಂಗಡಿಯಿದೆ. ನಡೆಸುವವಳು ವನಿತಾ. ಮೇಜು ರಸ್ತೆಗೇ ಇದ್ದದ್ದರಿಂದ ಒಳಗಿನ ಕೋಣೆಯ ಭಯವಿರಲಿಲ್ಲ. ಆದರೂ ರಾಚಯ್ಯ ಫೋನು ತೆಗೆಯದೆ ಎದುರುಗಡೆ ನಿಂತು ನೋಡಿದ, ನೀರಿಗೆ ಬಂದ ಜಿಂಕೆಯನ್ನು ಮರೆಯಲ್ಲಿ ನಿಂತು ನೋಡುವ ಹಾಗೆ.

ನಮಗಿಂತ ಮುಂದೆ ಚಿಕ್ಕಮಲ್ಲಮ್ಮ ಎಂಬ ಹೂವಿನ ವ್ಯಾಪಾರದ ಮುದುಕಿ ನಿಂತಿದ್ದಳು. ಅವಳ ಫೋನಿನ ಪರದೆ ಅರ್ಧಕ್ಕೆ ಜಾರಿ ಕೆಳಗೆ ಕೂತಿತ್ತು, ಮೇಲಿನರ್ಧ ಖಾಲಿ.

"ಬಿದ್ದೋಗದ ಕಣವ್ವ, ಒಡೆದೋಯ್ತಾ?"

"ಒಡೆದಿಲ್ಲ ಅಜ್ಜಿ. ದೊಡ್ಡ ಫೋನನ್ನ ಒಂದೇ ಕೈಲಿ ಹಿಡಿಯೋರಿಗೆ ಬೆರಳು ಎಟುಕಲಿ ಅಂತ ಕೆಳಗಿಳಿಯೋ ಹಾಗೆ ಮಾಡವ್ರೆ. ನೀವು ಕೆಳಗಿನ ಅಂಚಲ್ಲಿ ಬೆರಳನ್ನ ಕೆಳಕ್ಕೆ ಎಳೆದಿದ್ದೀರ. ಈಗ ಮೇಲೆ ಖಾಲಿ ಇರೋ ಕಡೆ ಒಂದ್ಸಲ ಮುಟ್ಟಿ."

ಮುದುಕಿಯೇ ಮುಟ್ಟಿದಳು. ಪರದೆ ಮೇಲಕ್ಕೆ ಹೋಗಿ ತುಂಬಿಕೊಂಡಿತು. ವನಿತಾ ಫೋನನ್ನು ಕೈಗೂ ತೆಗೆದುಕೊಂಡಿರಲಿಲ್ಲ. ಇನ್ನೊಮ್ಮೆ ಇಳಿಯದಂತೆ ಸೆಟ್ಟಿಂಗಿನಲ್ಲಿ ಅದನ್ನು ಎಲ್ಲಿ ಆಫ್ ಮಾಡಬೇಕೆಂದು ಹೇಳಿಕೊಟ್ಟು, ಅಜ್ಜಿಯಿಂದ ಒಂದು ಮೊಳ ಕನಕಾಂಬರ ಈಸಿಕೊಂಡಳು.

ಆಗ ರಾಚಯ್ಯ ಟವೆಲು ಬಿಚ್ಚಿದ. ಫೋನು ತನ್ನ ಕೈಯಲ್ಲೇ ಹಿಡಿದು ತೋರಿಸಿದ.

"ದುಂಡಂದು ಒತ್ತಿ ಯಜಮಾನ್ರೇ," ಎಂದಳು. ಒತ್ತಿದ. ಆ ಸಾಲು ಬಂತು. ಅವಳು ಬಗ್ಗಿ ಓದಿ ನಕ್ಕಳು. "ಬಿಡಿಸೋದು ಹೆಂಗೆ ಅಂತ ಅದೇ ಹೇಳ್ತಾ ಅದಲ್ಲ. ಹಿಂದಕ್ಕೆ ಹೋಗೋ ಗುಂಡಿ, ಚೌಕದ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿ ಹಿಡ್ಕಳಿ ಅಂತ."

ಮೂರು ದಿನದಿಂದ ಬೆದರಿಸುತ್ತಿದೆ ಎಂದುಕೊಂಡ ಸಾಲು ಅದು.

"ಫೋಟೋ ಓಗಕಿಲ್ವಾ?"

"ಯಾವುದೂ ಹೋಗಲ್ಲ. ಆಫ್ ಮಾಡಿ ಆನ್ ಮಾಡಿದ್ರೂ ಬಿಟ್ಕತಿತ್ತು. ಕೆಳಗೆ ಗುಂಡಿ ಇಲ್ಲದ ಫೋನಾದ್ರೆ, ಕೆಳಗಿಂದ ಮೇಲಕ್ಕೆ ಎಳೆದು ಹಂಗೇ ಹಿಡ್ಕೋಬೇಕು. ಇದು ಪಿನ್ ಮಾಡೋದು ಅಂತ, ಒಂದೇ ಆಪ್‌ನಲ್ಲಿ ಕಟ್ಟಿಹಾಕೋದು. ಆದ್ರೆ ಇದು ತಾನಾಗೇ ಆಗಲ್ಲ. ಮೊದಲು ಸೆಟ್ಟಿಂಗಲ್ಲಿ ಆನ್ ಮಾಡಿರಬೇಕು. ಯಾರು ಮಾಡಿಕೊಟ್ಟದ್ದು?"

ನಾನು ರಾಚಯ್ಯನ ಮುಖ ನೋಡಿದೆ. ಹುಲ್ಲುಕಡ್ಡಿ ಸಿಕ್ಕಿಸುವಾಗ ಇರುತ್ತದಲ್ಲ, ಅದೇ ಮುಖ.

"ಸುನೀಲ," ಎಂದ ಕೊನೆಗೆ. "ನಾನೇ ಕೇಳಿ ಮಾಡಿಸ್ಕಂಡೆ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಊರಿನಲ್ಲಿ ಫೋನು ಕೈಯಿಂದ ಕೈಗೆ ದಾಟುತ್ತದೆ. ಹುಲಿ ತೋರಿಸು ಎಂದು ಈಸಿಕೊಂಡವರು ಗಸ್ತಿನ ಆಪ್ ತೆರೆದು, ಯಾವ ಹೊತ್ತಿಗೆ ಯಾವ ದಾರಿ ಎಂದು ಗೆರೆ ನೋಡಿ, ಉರುಳು ಹಾಕುವವರಿಗೆ ಹೇಳಿಬಿಟ್ಟರೆ? ಅದಕ್ಕೇ ಸುನೀಲ ಹೇಳಿಕೊಟ್ಟಿದ್ದ: ಕೊಡುವ ಮೊದಲು ಚೌಕ ಒತ್ತು, ಮೇಲಿನ ಪುಟ್ಟ ಚಿತ್ರ ಮುಟ್ಟು, ಪಿನ್ ಗುರುತು ಒತ್ತು. ಕಟ್ಟುವುದನ್ನು ರಾಚಯ್ಯ ಜಾಡು ಕಲಿತಂತೆ ಕಲಿತಿದ್ದ. ಬಿಚ್ಚುವಾಗ ಪ್ರತಿ ಸಲವೂ ಸುನೀಲ ಪಕ್ಕದಲ್ಲಿರುತ್ತಿದ್ದ. ಎರಡು ಗುಂಡಿ ಒತ್ತಬೇಕೆಂದು ನೆನಪಿತ್ತು, ಒಟ್ಟಿಗೆ ಎಂಬುದು ಬಿಟ್ಟುಹೋಗಿತ್ತು. ಒಂದಾದ ಮೇಲೊಂದು ಒತ್ತಿದ. ಬಿಚ್ಚಲಿಲ್ಲ. ಬೀಗ ನನ್ನದೇ, ಕೀಲಿ ರವಿ ಬದಲಾಯಿಸಿದ್ದಾನೆ ಎಂದು ತೀರ್ಮಾನ ಮಾಡಿದ.

"ನಂಗ್ಯಾಕೆ ಏಳ್ನಿಲ್ಲ?" ಎಂದೆ. ದನಿ ಜೋರಾಗಿಯೇ ಬಂತು. "ಅವನನ್ನ ನಾಲ್ಕು ಜನದ ಮುಂದೆ ಬೋದ್ನಲ್ಲ."

"ಬೀಗ ಅದೆ ಅಂತ ಏಳುದ್ರೆ ಅದು ಬೀಗ್ವೇನ್ಲಾ?"

ರಾಚಯ್ಯ ಅಲ್ಲೇ ಬಿಚ್ಚಲು ಹೋದ. ವನಿತಾ ತಡೆದಳು, ಲಾಕಿನ ನಂಬರು ಕೇಳಬಹುದು, ಗೊತ್ತಿದೆ ತಾನೇ ಎಂದಳು. ರಾಚಯ್ಯ ರಸ್ತೆಯ ಉದ್ದಕ್ಕೂ ನೋಡಿದ, ನನ್ನನ್ನು ನೋಡಿದ, ಟವೆಲು ಸುತ್ತಿಕೊಂಡ.

"ಕ್ಯಾಂಪಲ್ಲೇ ಬಿಚ್ಕತೀನಿ. ಓಗನ ನಡಿ."

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಆಟೋ ಕ್ಯಾಂಪಿನ ಮುಂದೆ ನಿಲ್ಲಿಸಿದೆ. ರವಿಕುಮಾರ ಅದೇ ಗಸ್ತಿಗೆ ಹೊರಡಲು ಕಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ನಮ್ಮನ್ನು ಕಂಡರೂ ತಲೆ ಎತ್ತಲಿಲ್ಲ. ನಾನು ಬೆಳಿಗ್ಗೆ ಆಡಿದ ಮಾತೆಲ್ಲ ನನ್ನ ಬಾಯಲ್ಲೇ ಕಹಿಯಾಗಿತ್ತು. ತಪ್ಪಾಯ್ತು ಕಣಪ್ಪ ಎಂದೆ. ಅವನು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ.

ರಾಚಯ್ಯ ಟವೆಲು ಬಿಚ್ಚಿದ. ಹೆಬ್ಬೆರಳುಗಳು ಎರಡು ಗುಂಡಿಗಳ ಹತ್ತಿರ ಹೋದವು, ನಿಂತವು. ಇಳಿದ ಭುಜದ ಕಡೆಯ ಕೈ ಸ್ವಲ್ಪ ನಡುಗುತ್ತದೆ, ಒಂದು ಬೆರಳು ಮೊದಲೇ ಎದ್ದುಬಿಡುತ್ತಿತ್ತು. ಎರಡು ಸಲ ಹಾಗೇ ಆಯಿತು. ಎರಡು ಸಲವೂ ಆ ಸಾಲು ಬಂದು ಹೋಯಿತು. ಗಂಟೆ ನಾಲ್ಕಕ್ಕೆ ಐದು ನಿಮಿಷ.

ಆಗ ಅವನು ನಡೆದುಹೋಗಿ ಫೋನನ್ನು ರವಿಕುಮಾರನ ಮುಂದೆ ಹಿಡಿದ.

ರವಿಕುಮಾರ ತೆಗೆದುಕೊಂಡು, ಎರಡು ಹೆಬ್ಬೆರಳೂ ಇಟ್ಟು ಒಂದೆರಡು ಕ್ಷಣ ಹಿಡಿದ. ಹುಲಿ ಹೋಗಿ ನಂಬರು ಕೇಳುವ ಪರದೆ ಬಂತು.

"ಬೆಳಿಗ್ಗೆನೇ ಕೊಟ್ಟಿದ್ರೆ ಆಗೋದು," ಎಂದು ವಾಪಸು ಚಾಚಿದ. "ತಕಳಿ ರಾಚಯ್ಯಣ್ಣ, ನಂಬರು ನೀವೇ ಒತ್ತಿ."

ರಾಚಯ್ಯ ಫೋನು ತೆಗೆದುಕೊಂಡು ನಮ್ಮಿಬ್ಬರಿಗೂ ಬೆನ್ನು ಹಾಕಿದ. ಎಡಗೈ ಮರೆ ಮಾಡಿ ನಾಲ್ಕು ಅಂಕೆ ಒತ್ತಿದ. ಗಸ್ತಿನ ಆಪ್ ತೆರೆದು ಶುರು ಎಂಬುದನ್ನು ಮುಟ್ಟಿದ. ಹತ್ತು ಹೆಜ್ಜೆ ನಡೆದು, ನಿಂತು, ಗೆರೆ ಮೂಡಿದೆಯೇ ಎಂದು ನೋಡಿಕೊಂಡ. ಮೂಡಿತ್ತು.

"ಬಾ," ಎಂದ ರವಿಕುಮಾರನಿಗೆ. "ನೀ ಮುಂದೆ ನಡಿ."