ಸಣ್ಣವ್ವ ಹಿಡಿದ ಬೆರಳು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅಂಥ ನನಗೂ ಆ ಮಧ್ಯಾಹ್ನ ಎದೆ ಧಸಕ್ಕೆಂದಿತು. ಸಾಲಿ ಬಿಟ್ಟು ಮಕ್ಕಳೆಲ್ಲ ಹೋದಮೇಲೆ ಒಂದು ಮನೆಯ ಮಂದಿಯೆಲ್ಲ ಗೇಟು ದಾಟಿ ಒಳಗೆ ಬರುತ್ತಿದ್ದರು. ಮುಂದೆ ಅಪ್ಪ, ಅವನ ಹಿಂದೆ ಅವನ ತಾಯಿ, ಆಮೇಲೆ ಹುಡುಗಿಯ ಕೈ ಹಿಡಿದ ಅವ್ವ. ಎಲ್ಲರಿಂದ ದೂರ, ತಲೆಯ ಮೇಲೆ ಸೆರಗು ಹೊದ್ದು, ಇನ್ನೊಬ್ಬ ಹೆಂಗಸು. ಅವರ ಹುಡುಗಿ ನನ್ನ ಒಂದನೇ ತರಗತಿಯವಳು.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಹಿರೋಳ್ಳಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಸಾಲಿಗೆ ನನ್ನನ್ನು ಟೀಚರಾಗಿ ಹಾಕಿದ್ದರು. ಬೇಸಿಗೆಯ ತರಬೇತಿಯಲ್ಲಿ ಹೊಸ ಪದ್ಧತಿ ಹೇಳಿಕೊಟ್ಟಿದ್ದರು: ಸಣ್ಣ ಮಕ್ಕಳು ತಮಗೆ ಕೇಳಿಸಿದ ಹಾಗೆ ತಾವೇ ಬರೆಯಲಿ, ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯಬೇಡಿ, ಸರಿಯಾದದ್ದನ್ನು ಕೆಳಗೆ ಬರೆದು ಜೊತೆಗೆ ಓದಿಸಿ. ತಲೆ ಆಡಿಸಿ ಬಂದಿದ್ದೆ. ಹೆಡ್ ಮಾಸ್ತರರು ಮಾತ್ರ, "ಇಲಾಖೆ ಸಾಹೇಬ್ರು ಬಂದು ಪಾಟಿ ನೋಡಿದ್ರ ಜವಾಬು ನೀವs ಕೊಡ್ರಿ, ನನ್ನ ಕೇಳಬ್ಯಾಡ್ರಿ" ಅಂದಿದ್ದರು. ಅಂದಿನಿಂದ ಜೀಪಿನ ಸದ್ದು ಕೇಳಿದರೆ ಸಾಕು, ಸಾಹೇಬರೇ ಬಂದರೆಂದು ಬಾಗಿಲಿಗೆ ಓಡುತ್ತಿದ್ದೆ.

ಅಪ್ಪ ಪಾಟಿಯನ್ನು ನನ್ನ ಮೇಜಿನ ಮೇಲೆ ಇಟ್ಟ. ಅದರಲ್ಲಿ ಹುಡುಗಿ ಬರೆದದ್ದು: ಅವ ರೊಟಿ ಬಡಿತಳ.

"ನೋಡ್ರಿ ಟೀಚರ್. ಅವ್ವ ರೊಟ್ಟಿ ಬಡಿತಾಳ ಅಂತ ಬರಿಯಾಕ ಬರವಲ್ದು. ಎಲ್ಲಾ ಗಲತ್. ನೀವು ಇದಕ್ಕ ಶಾಬಾಸ್ ಅಂದೀರಂತ. ಈ ಗಲತ್ ಹಿಂಗs ಗಟ್ಟಿ ಆದ್ರ ಮುಂದ ಏನ್ ಗತಿರಿ?"

ಅವನ ದನಿ ನಡುಗುತ್ತಿತ್ತು. ಜಗಳಕ್ಕೆ ಬಂದವನ ದನಿ ಅದಲ್ಲ. ನಾನು ಬೀರುವಿನಿಂದ ಹುಡುಗಿಯ ಹಳೇ ಹಾಳೆಗಳನ್ನು ತೆಗೆದೆ. ಪ್ರತಿ ಮಗುವಿನದನ್ನೂ ಕಟ್ಟಿ ಇಟ್ಟಿರುತ್ತಿದ್ದೆ. ಸಾಲಿ ಶುರುವಾದ ಹೊಸದರಲ್ಲಿ ಒಲೆಯ ಮುಂದೆ ಕೂತ ಹೆಂಗಸಿನ ಚಿತ್ರ, ಅದರ ಪಕ್ಕ ಬರೇ ಒಂದು ಅ. ದಸರೆಯ ಹೊತ್ತಿನ ಹಾಳೆಯಲ್ಲಿ ಅವ ರಟ. ಈಗ ಪಾಟಿಯ ಮೇಲೆ ಪೂರ್ತಿ ಮಾತು.

"ಮೊದಲು ಆಕಿಗೆ ಮಾತಿನ ಮೊದಲನೇ ಸಪ್ಪಳ ಅಷ್ಟೇ ಕೇಳಿಸ್ತಿತ್ರಿ," ಅಂದೆ. "ಆಮ್ಯಾಲ ಒಂದೊಂದು ಅಕ್ಷರ. ಈಗ ನೋಡ್ರಿ, ರೊ ಬಂತು, ಬಡಿ ಬಂತು. ಒತ್ತು, ದೀರ್ಘ ಇನ್ನೂ ಕೈಗೆ ಹತ್ತಿಲ್ಲ. ಅವು ತಡಾನೇ ಬರೋದು. ನಾನೇನು ಸುಮ್ಮನ ಬಿಟ್ಟಿಲ್ಲ. ಕೆಳಗ ಸರಿಯಾಗಿ ಬರದು ದಿನಾ ಕೂಡಿ ಓದತೇವಿ. ರೊಟ್ಟಿ ಅಂತ ಬರೋ ಪಾಠ, ಹಾಡು ಓದಸತೇನಿ. ಒತ್ತಕ್ಷರ ಬ್ಯಾರೆ ಕಲಸತೇನಿ. ಹಂಗ ನೋಡ್ತಾ ನೋಡ್ತಾ ತಿದ್ದಕೋತಾಳ್ರಿ."

"ತಿದ್ದಕೊಳ್ಳದಿದ್ರ?"

"ಇಷ್ಟು ತಿಂಗಳಾದ್ರೂ ಆ ಒಂದು ಅ ಮ್ಯಾಲೇ ನಿಂತಿದ್ದಳಂದ್ರ ನಾನೇ ನಿಮ್ಮ ಮನೀಗೆ ಓಡಿ ಬರತಿದ್ದೆ. ಕಿವಿ ನೋಡಸ್ರಿ, ಕಣ್ಣು ನೋಡಸ್ರಿ ಅಂತಿದ್ದೆ." ಅವ್ವನ ಕಡೆ ತಿರುಗಿದೆ. "ಮಾತು ಕಲಿಯೋ ಮುಂದ ರೊಟ್ಟಿಗೆ ಏನಂತಿದ್ದಳವ್ವಾ?"

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ತೊತ್ತಿ ಅಂತಿದ್ದಳ್ರಿ."

"ಬಡಿದು ಬಿಡಿಸಿದ್ರೇನು?"

"ಅಯ್ಯ, ಇಲ್ರಿ. ತಾನs ಬಿಡ್ತು."

ಅಪ್ಪ ಕೊಂಚ ಸಡಿಲವಾದ. ಆಗ ಮುದುಕಿ ಬಾಯಿ ಬಿಟ್ಟಳು. "ನಿಮ್ಮ ಪದ್ಧತಿ ನಮಗ ತಿಳಿಯಾಂಗಿಲ್ಲ ಬೇ. ಕಾರಣ ಬ್ಯಾರೆ ಅದ."

ಕಾರಣ ಹೇಳಿದಳು. ಸಾಲಿಗೆ ಹಾಕುವ ಮುಂಚೆ ಅವರ ಮನೆಯಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಮಠದ ಜಂಗಮ ಅಯ್ಯನವರು ಕೂಸಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವುದು ರೂಢಿ. ಆ ದಿನ ಅಯ್ಯನವರು ಬರುವುದು ತಡವಾಯಿತು. ಕೂಸು ಹಟ ಮಾಡಿತು. ಅದು ಸದಾ ಯಾರ ತೊಡೆಯ ಮೇಲೆ ಕೂಡುತ್ತಿತ್ತೋ ಅವಳೇ ಬೆರಳು ಹಿಡಿದು ಓಂ ಬರೆಸಿಬಿಟ್ಟಳು. ಅವಳು ಈ ದೂರ ನಿಂತ ಹೆಂಗಸು, ಮುದುಕಿಯ ಕಿರಿಯ ಸೊಸೆ, ಹುಡುಗಿಗೆ ಸಣ್ಣವ್ವ. ಗಂಡ ತೀರಿ ವರ್ಷವೂ ಆಗಿರಲಿಲ್ಲ.

"ಗಂಡ ಸತ್ತಾಕಿ ಕೈ ಹಿಡದು ಬರಸಿದ ಅಕ್ಷರ ಹ್ಯಾಂಗ ನೆಟ್ಟಗಾದೀತು? ಒಬ್ಬ ಮಗನ್ನ ಮಣ್ಣಾಗ ಇಟ್ಟೇನಿ. ಈ ಕೂಸಿಗೂ ಏನರೆ ಆದ್ರ? ಇನ್ನೊಮ್ಮೆ ಅಯ್ಯನವರ ಕಡಿಂದ ಬರಸತೇನಿ. ಈಕಿನ್ನ ಜೇವರ್ಗಿಗೆ, ಈಕಿ ತವರಿಗೆ ಕಳಸತೇನಿ."

ನನ್ನ ಸಿಟ್ಟು ನೆತ್ತಿಗೇರಿತು. "ಕೊರಳಾಗ ಲಿಂಗ ಕಟ್ಟಿಕೊಂಡು ಹಿಂಗ ಮಾತಾಡತೀರಲ್ಲ, ಬಸವಣ್ಣನ ವಚನ ಬರೇ ಬಾಯಾಗೇನು?" ಅಂದುಬಿಟ್ಟೆ. ಮುದುಕಿಯ ಮುಖ ಕಪ್ಪಿಟ್ಟಿತು. ಅಪ್ಪ ಪಾಟಿ ಎತ್ತಿಕೊಂಡ. ಮುಗಿಯಿತು, ಕೆಟ್ಟೆ ಅಂದುಕೊಂಡೆ. ಹೆದರಿದ ಮಂದಿಯನ್ನು ಬೈದರೆ ಇನ್ನಷ್ಟು ಹೆದರುತ್ತಾರೆ, ಅಷ್ಟೇ. ದೂರ ನಿಂತ ಆ ಹೆಂಗಸು ಹುಡುಗಿಯನ್ನೇ ನೋಡುತ್ತಿದ್ದಳು. ನಾನು ಶಾಬಾಸ್ ಅಂದದ್ದೇ ಒಬ್ಬಳನ್ನು ಮನೆ ಬಿಡಿಸುವ ಹಾಗೆ ಆಗಿತ್ತು.

ಆ ಮಾತು ಬರೆದ ಪಾಟಿ ಮನೆಗೆ ಒಯ್ದ ಮೇಲೆ ವಾರವೆಲ್ಲ ಈ ಹುಡುಗಿ ತರಗತಿಯಲ್ಲಿ ಬಳಪ ಮುಟ್ಟಿರಲಿಲ್ಲ. ಬರಿ ಅಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಜ್ವರ ಇರಬೇಕು ಅಂದುಕೊಂಡಿದ್ದೆ. ಈಗ ತಿಳಿಯಿತು: ತಾನು ತಪ್ಪು ಬರೆದರೆ ಬೈಗುಳ ಸಣ್ಣವ್ವನಿಗೆ ಬೀಳುತ್ತದೆಂದು ಆ ಕೂಸಿಗೆ ಗೊತ್ತಿತ್ತು.

"ಒಂದ ಮಾತು ಕೇಳ್ರಿ," ಅಪ್ಪನಿಗೆ ಅಂದೆ. "ಆ ಪಾಟಿ ಒರಸಿ ಆಕಿ ಕೈಯಾಗ ಕೊಡ್ರಿ. ಏನರೆ ಬರೀಲಿ. ಆಕಿ ಏನ್ ಬರದಾಳ ಅನ್ನೂದು ನಿಮಗ ತಿಳೀಲಿಲ್ಲಂದ್ರ ನಾಳಿಂದ ನಿಮ್ಮ ಮಾತಿನಂಗ ಬರೇ ಗಲತ್ ತಿದ್ದಸತೇನಿ."

ಯಾವ ಧೈರ್ಯದ ಮೇಲೆ ಅಂದೆನೋ! ಹುಡುಗಿ ಬರೆಯದೇ ಹೋದರೆ? ಅವಳ ಮುಂದೆ ಮೊಣಕಾಲೂರಿ ಕೂತು, "ತಪ್ಪಾದ್ರೂ ಯಾರೂ ಬೈಯಾಂಗಿಲ್ಲವ್ವ. ನಿನ್ನ ಮನಸಿನಾಗ ಇದ್ದದ್ದು ಬರಿ" ಅಂದೆ. ಹುಡುಗಿ ಅಜ್ಜಿಯನ್ನು ನೋಡಿತು. ಬಹಳ ಹೊತ್ತು ಬಳಪ ಅಲ್ಲಾಡಲಿಲ್ಲ. ಆಮೇಲೆ ಬಾಯಲ್ಲಿ ಸಣ್ಣಗೆ ಸಪ್ಪಳ ಮಾಡುತ್ತಾ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಅಳುತ್ತಲೇ ಬರೆಯಿತು. ಬರೆದು ಪಾಟಿಯನ್ನು ಅಪ್ಪನಿಗೆ ಕೊಟ್ಟಿತು.

ಸಣವ ಹೊಗಬಡ.

ಅಪ್ಪ ಓದಿದ. ಒತ್ತಿಲ್ಲ, ದೀರ್ಘವಿಲ್ಲ ಎಂದು ಅವನು ಅನ್ನಲಿಲ್ಲ. ಪಾಟಿ ಹಿಡಿದುಕೊಂಡೇ ಕೂತುಬಿಟ್ಟ.

"ಏನ್ ಬರದಾಳೋ?" ಮುದುಕಿ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅವನು ಪಾಟಿಯನ್ನು ಇನ್ನೊಮ್ಮೆ ಓದಿದ. "ಯಾಕ, ತಿಳೀಲಿಲ್ಲೇನು?"

"ತಿಳೀತವ್ವ," ಅಂದ. "ಸಣ್ಣವ್ವ ಹೋಗಬ್ಯಾಡ ಅಂತ ಬರದಾಳ."

ಮುದುಕಿ ಮೊಮ್ಮಗಳನ್ನು ನೋಡಿದಳು. ಬಾಗಿಲ ಬಳಿಯ ಕಟ್ಟೆಯ ಮೇಲೆ ಕೂತಳು. ಸತ್ತ ಮಗನ ಹೆಸರು ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ದೂರ ನಿಂತ ಸೊಸೆಗೆ ಎಂದಿನ ಗಡಸು ದನಿಯಲ್ಲೇ ಹೇಳಿದಳು:

"ಅಲ್ಲೇನ್ ನಿಂತೀಯ ಬೇ? ಕೂಸು ಅಳಾಕತ್ತದ, ಎತ್ತಿಕೋ."