ಐದು ರೂಪಾಯಿ ಯಾಕೆ ಏರಿತು

ಯುದ್ಧದ ಕಾಲದಲ್ಲಿ ನಾನು ವಿಜಾಪುರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕದ ಗುಮಾಸ್ತನಾಗಿದ್ದೆ. ಒಂದು ತಿಂಗಳು ಪಗಾರ ಐದು ರೂಪಾಯಿ ಏರಿತು. ಜಿನ್ನಿನ ಸಾವಕಾರರು ನನ್ನ ಕೆಲಸ ಮೆಚ್ಚಿದರೆಂದು ಮನೆಯಲ್ಲಿ ಕೊಚ್ಚಿಕೊಂಡು, ದೊಡ್ಡ ಬಾಡಿಗೆ ಮನೆಗೂ ಮಾತು ಕೊಟ್ಟೆ. ಆಮೇಲೆ ಎಂದಿನಂತೆ ಚಿಂತೆ ಹತ್ತಿತು. ಇದು ತುಟ್ಟಿಭತ್ತೆಯಾಗಿದ್ದರೆ ಬೆಲೆ ಇಳಿದೊಡನೆ ಕಿತ್ತುಕೊಳ್ಳುತ್ತಾರೆ, ಬಾಡಿಗೆ ಮಾತ್ರ ಇಳಿಯುವುದಿಲ್ಲ.

ಹಿರಿಯ ಗುಮಾಸ್ತರನ್ನು ಕೇಳಿದೆ.

"ತುಟ್ಟಿಗಂತ ಕೊಟ್ಟಿದ್ರ ವಾಚಮನ್‌ಗೂ ಸಿಗತಿತ್ತಲ್ರಿ. ಅವಗೆಲ್ಲಿ ಬಂದೈತಿ?"

"ಹಂಗಾರ ನನ್ನ ಕೆಲಸಕ್ಕೇನ್ರಿ?"

"ನಿಮ್ಮ ಬಾಜೂಕ ಕುಂತು ತೂಕಡಸಾಂವಗೂ ಅಷ್ಟ ಏರೈತಿ. ಟಿಕೋಟಾದ ಹೊಸಾ ಜಿನ್ನಿನ್ಯಾಗ ತೂಕದವರಿಗೆ ಹೆಚ್ಚ ಕೊಡಾಕತ್ತಾರ. ನೀವು ಅಲ್ಲಿಗೆ ಹೋಗಬಾರದಂತ ಆ ದರಕ್ಕ ಸರಿ ಮಾಡ್ಯಾರ. ಮೂಲ ಪಗಾರಕ್ಕ ಸೇರೈತಿ, ತಗಿಯೂದಿಲ್ಲ."

ಹೊಸ ಮನೆ ಉಳಿಯಿತು. ಆದರೆ ಏರಿದ್ದೆಲ್ಲ ಬಾಡಿಗೆಗೇ ಹೋಯಿತು. ಜೋಳದ ಬೆಲೆ ಏರುತ್ತಲೇ ಇತ್ತು, ಅದಕ್ಕೆಂದು ಯಾರೂ ಒಂದಾಣೆ ಕೊಡಲಿಲ್ಲ. ಸಂತೆಯಿಂದ ಅರ್ಧವೇ ತುಂಬಿದ ಜೋಳದ ಚೀಲ ಹೊತ್ತು ಬಂದ ಹೆಂಡತಿ, "ನಿಮ್ಮನ್ನ ಅಷ್ಟು ಮೆಚ್ಚಿದ ಸಾವಕಾರರಿಗೆ ಜ್ವಾಳದ ದರಾನೂ ಒಂದೀಟು ಹೇಳ್ರಿ" ಎಂದಳು. ಹೇಳುತ್ತೇನೆಂದು ತಲೆಯಾಡಿಸಿದೆ.